ಕ್ರಿಸ್‌ಮಸ್ ಹಿಂದಿನ ಸಂಜೆ, ಟೆರೇಸಿನ ಮೇಲೆ ಐದು ನಿಮಿಷದ ಮಾತು

ಪ್ರಶ್ನೆ: ಸರ್, ನಾವು ಪುಣೆ ಹತ್ತಿರ ಪಿಂಪ್ರಿ-ಚಿಂಚ್‌ವಡದ ಒಂದು ಸೊಸೈಟಿಯಲ್ಲಿದ್ದೇವೆ. ಕನ್ನಡದ ಮನೆಗಳೆಲ್ಲ ಸೇರಿ ರಾಜ್ಯೋತ್ಸವ, ಯುಗಾದಿ ಮಾಡುತ್ತೇವೆ. ಈ ಸಲ ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಯವರು ಮತ್ತು ಧಾರವಾಡದ ಒಂದು ಪ್ರಾಟೆಸ್ಟಂಟ್ ಕುಟುಂಬದವರು ಡಿಸೆಂಬರ್ 24ರ ಸಂಜೆ ಎಲ್ಲರನ್ನೂ ಟೆರೇಸಿಗೆ ಕರೆದಿದ್ದಾರೆ. ಮೇಣದಬತ್ತಿ ಹಚ್ಚುವಾಗ ನಾಲ್ಕು ಮಾತು ಆಡುವ ಕೆಲಸ ನನ್ನ ತಲೆಗೆ ಬಂದಿದೆ. ನಾನು ಲಿಂಗಾಯತ. ಬರುವವರಲ್ಲಿ ವಿಜಯಪುರದ ಮುಸ್ಲಿಂ ಮನೆಯವರಿದ್ದಾರೆ, ಬ್ರಾಹ್ಮಣರಿದ್ದಾರೆ, ದೇವರನ್ನೇ ನಂಬದ ಇಬ್ಬರು ಎಂಜಿನಿಯರುಗಳೂ ಇದ್ದಾರೆ. ಅರವತ್ತು ಜನ ಆಗಬಹುದು. ಯಾರಿಗೂ ಇರುಸುಮುರುಸು ಆಗಬಾರದು, ಸಪ್ಪೆಯೂ ಆಗಬಾರದು. ಏನು ಹೇಳಲಿ, ಹೇಗೆ ನಡೆಸಲಿ?

ಉತ್ತರ: ಇಂಥ ಸಂಜೆಗೆ ಮಾತಾಡಲು ಒಪ್ಪಿಕೊಂಡವರು ಸಾಮಾನ್ಯವಾಗಿ ಒಂದು ಹಾಳೆ ತೆಗೆದುಕೊಂಡು ಮೊದಲು ‘ತಮಸೋ ಮಾ ಜ್ಯೋತಿರ್ಗಮಯ’ ಬರೆಯುತ್ತಾರೆ. ಅದರ ಕೆಳಗೊಂದು ವಚನ, ಅದರ ಕೆಳಗೆ ಕುರಾನಿನ ಬೆಳಕಿನ ಆಯತ್, ಕೊನೆಗೆ ಬೈಬಲಿನ ಒಂದು ಸಾಲು. ಎಲ್ಲರಿಗೂ ಒಂದೊಂದು ಪಾಲು ಸಿಕ್ಕಿತಲ್ಲ, ಯಾರೂ ದೂರುವ ಹಾಗಿಲ್ಲ ಎಂಬ ಲೆಕ್ಕಾಚಾರ. ಕೇಳುವವರು ತಲೆದೂಗುತ್ತಾರೆ, ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆಯುತ್ತಾರೆ. ಕರೆದ ಮನೆಯವರಿಗಂತೂ ಒಳಗೊಳಗೇ ಕಸಿವಿಸಿ. ವರ್ಷಕ್ಕೊಂದು ಸಲ ನೆರೆಯವರನ್ನು ಕರೆದು ತಮ್ಮ ಹಬ್ಬದ ಕಥೆ ಕೇಳಿಸೋಣ ಎಂದುಕೊಂಡಿದ್ದರೆ, ಅದು ನಾಲ್ಕು ಸಾಲುಗಳ ನಡುವೆ ಒಂದು ಸಾಲಾಗಿ ಕಳೆದುಹೋಗಿರುತ್ತದೆ. ‘ಎಲ್ಲ ಧರ್ಮಗಳ ಸಾರವೂ ಒಂದೇ’ ಎಂಬ ಮಾತಿನ ಕಥೆಯೂ ಇದೇ. ತಮ್ಮ ಧರ್ಮವನ್ನು ಗಟ್ಟಿಯಾಗಿ ನಂಬಿದ ಕ್ರೈಸ್ತರೂ ಅದನ್ನು ಒಪ್ಪುವುದಿಲ್ಲ, ಮುಸಲ್ಮಾನರೂ ಒಪ್ಪುವುದಿಲ್ಲ, ನಿಮ್ಮ ಇಬ್ಬರು ಎಂಜಿನಿಯರುಗಳೂ ಒಪ್ಪುವುದಿಲ್ಲ. ಮರ್ಯಾದೆಗೆ ಸುಮ್ಮನಿರುತ್ತಾರೆ, ಅಷ್ಟೆ.

ಅದರ ಬದಲು ಒಂದೇ ಕಥೆ ಹೇಳಿ. ಹಬ್ಬ ಯಾರದೋ ಅವರ ಕಥೆಯನ್ನು, ಅವರು ಹೇಳುವ ಹಾಗೆಯೇ, ಅವರ ಹೆಸರು ಹಿಡಿದು ಹೇಳಿ. ‘ಲೂಕ ಹೀಗೆ ಬರೆದಿದ್ದಾನೆ’, ‘ಕ್ರೈಸ್ತರು ಹೀಗೆ ನಂಬುತ್ತಾರೆ’ ಎಂಬ ಎರಡು ಮಾತು ಜಾಗ ನೋಡಿ ಬಳಸಿದರೆ ಸಾಕು, ನಂಬುವವರಿಗೆ ಕಥೆ ಪೂರ್ತಿ ಸಿಗುತ್ತದೆ, ನಂಬದವರಿಗೆ ಉಸಿರಾಡಲು ಜಾಗ ಸಿಗುತ್ತದೆ. ನೀವು ಲಿಂಗಾಯತರು ಎಂಬುದು ಇಲ್ಲಿ ಅಡ್ಡಿಯಲ್ಲ, ಅನುಕೂಲವೇ. ಪಾದ್ರಿಗಳು ಹೇಳಿದರೆ ಪ್ರವಚನ ಆಗುವುದು, ನೆರೆಮನೆಯವರು ಹೇಳಿದರೆ ಕಥೆಯಾಗಿಯೇ ಉಳಿಯುತ್ತದೆ.

ಯಾವ ಭಾಗ ಎಂದು ಕೇಳಿದರೆ, ಬೈಬಲಿನಲ್ಲಿ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದ ಮೊದಲ ಇಪ್ಪತ್ತು ವಚನಗಳು. ಇದನ್ನು ಆರಿಸುವುದಕ್ಕೆ ನನಗೊಂದು ಬಲವಾದ ಕಾರಣವಿದೆ. ಅದರ ಕೊನೆಯ ಮೂರು ವಚನ, 18ರಿಂದ 20, ನಿಧಾನವಾಗಿ ಓದಿ ನೋಡಿ. ಕುರಿ ಕಾಯುವವರು ಬಂದು ತಾವು ಕಂಡದ್ದನ್ನು ಹೇಳಿದಾಗ, ಕೇಳಿದವರು ಆಶ್ಚರ್ಯಪಟ್ಟರು ಎಂದಿದೆ. ನಂಬಿದರು ಎಂದು ಲೂಕ ಬರೆಯುವುದಿಲ್ಲ, ನಂಬಲಿಲ್ಲ ಎಂದೂ ಬರೆಯುವುದಿಲ್ಲ. ಮರಿಯಳಾದರೋ ಅವೆಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ಯೋಚಿಸುತ್ತಿದ್ದಳು, ಬಾಯಿ ಬಿಡಲಿಲ್ಲ. ಕುರಿ ಕಾಯುವವರು ದೇವರನ್ನು ಕೊಂಡಾಡುತ್ತ ತಮ್ಮ ಹಿಂಡಿನ ಕಡೆ ಹೋದರು. ಒಂದೇ ಸುದ್ದಿ, ಮೂರು ಥರದ ಜನ: ಕೊಂಡಾಡುವವರು, ಬೆರಗಾದವರು, ಮನಸ್ಸಿನಲ್ಲೇ ತಿರುವಿ ಹಾಕುವವರು. ನಿಮ್ಮ ಟೆರೇಸಿನ ಅರವತ್ತು ಜನರೂ ಈ ಮೂರರಲ್ಲಿ ಎಲ್ಲೋ ಒಂದು ಕಡೆ ನಿಂತಿರುತ್ತಾರೆ. ಯಾರನ್ನೂ ಎಳೆದು ತರುವ ಕೆಲಸ ನಿಮಗಿಲ್ಲ.

ಇನ್ನೊಂದು ಅನುಕೂಲ. ‘ದೇವಕುಮಾರ’ ಎಂಬ ಮಾತು ಹಿಂದಿನ ಅಧ್ಯಾಯದಲ್ಲಿ ಬರುತ್ತದೆ, ಈ ಇಪ್ಪತ್ತು ವಚನಗಳಲ್ಲಿ ಇಲ್ಲ. ಮುಸ್ಲಿಂ ಮನೆಯವರಿಗೆ ಒಪ್ಪಲಾಗದ ಮುಖ್ಯ ವಿಚಾರ ಅದೇ ಆದ್ದರಿಂದ, ಏನನ್ನೂ ಮುಚ್ಚಿಡದೆ ನೀವು ಈ ಭಾಗವನ್ನು ಹೇಳಬಹುದು. ಕುರಾನಿನಲ್ಲಿ ಮರ್ಯಮ್ ಹೆಸರಿನ ಒಂದು ಅಧ್ಯಾಯವೇ ಇದೆ, 19ನೆಯದು. ಅದರಲ್ಲಿ ಈಸಾ ಹುಟ್ಟುವುದು ಖರ್ಜೂರದ ಮರದ ಬುಡದಲ್ಲಿ. ಇದನ್ನು ನೀವು ತಿಳಿದಿರಿ, ವೇದಿಕೆಯಿಂದ ಹೇಳಬೇಡಿ. ಊಟದ ಹೊತ್ತಿಗೆ ಅವರ ಮನೆಯವರೇ ಹೇಳಲಿ, ಅವರ ಬಾಯಲ್ಲಿ ಚೆನ್ನಾಗಿರುತ್ತದೆ.

ಕಥೆ ಹೇಳುವಾಗ ಲೂಕ ಹೇಳದ್ದನ್ನು ಸೇರಿಸುವ ಚಪಲ ಬಹಳ. ನಕ್ಷತ್ರ ಮತ್ತು ಮೂಡಣ ದೇಶದ ಜ್ಞಾನಿಗಳು ಮತ್ತಾಯನ ಸುವಾರ್ತೆಯಲ್ಲಿ ಬರುತ್ತಾರೆ, ಲೂಕನಲ್ಲಿಲ್ಲ. ಮತ್ತಾಯನೂ ಅವರು ಮೂವರು ಎಂದು ಲೆಕ್ಕ ಕೊಡುವುದಿಲ್ಲ. ಹಸು, ಕತ್ತೆ ಎರಡರಲ್ಲೂ ಇಲ್ಲ. ಇನ್ನು ಛತ್ರದ ಯಜಮಾನ. ಬಸುರಿ ಹೆಂಗಸನ್ನು ಬಾಗಿಲಿನಿಂದಲೇ ಅಟ್ಟಿದ ಎಂದು ನಾಟಕಗಳಲ್ಲಿ ಅವನಿಗೆ ಎಷ್ಟು ಬೈಗುಳ! ಲೂಕ ಬರೆದದ್ದು ಜಾಗ ಇರಲಿಲ್ಲ ಎಂದಷ್ಟೇ, ಯಜಮಾನ ಎಂಬ ಮನುಷ್ಯ ಆ ಪುಟದಲ್ಲಿ ಇಲ್ಲವೇ ಇಲ್ಲ. ನಿಮ್ಮ ಸಭೆಯಲ್ಲಿ ಉಡುಪಿ ಹೋಟೆಲಿನವರು ಯಾರಾದರೂ ಇದ್ದರೆ ಅವರ ಪರವಾಗಿ ಇದನ್ನು ಹೇಳುತ್ತಿದ್ದೇನೆ ಎಂದುಕೊಳ್ಳಿ. ಡಿಸೆಂಬರ್ 25ನೇ ತಾರೀಖೂ ಬೈಬಲಿನಲ್ಲಿಲ್ಲ. ರೋಮಿನಲ್ಲಿ ಆ ದಿನ ಆಚರಿಸುತ್ತಿದ್ದದ್ದಕ್ಕೆ ಸಿಗುವ ಹಳೆಯ ದಾಖಲೆ ಕ್ರಿ.ಶ. 336ರದು. ಆದರೆ ಆ ಚರ್ಚೆಯನ್ನು ಆ ಸಂಜೆ ಎತ್ತುವುದು ಅತಿಥಿಗಳ ಲಕ್ಷಣವಲ್ಲ.

ಈಗ ಮಾತು. ಕನ್ನಡವನ್ನು ನಿಧಾನವಾಗಿ, ಕೇಳುವವರಿಗೆ ಚಿತ್ರ ಮೂಡುವಷ್ಟು ಬಿಡುವು ಕೊಟ್ಟು ಓದಿದರೆ ನಿಮಿಷಕ್ಕೆ 60ರಿಂದ 70 ಪದ ಹೋಗುತ್ತದೆ. ಹಾಗಾಗಿ ನಾಲ್ಕೈದು ನಿಮಿಷಕ್ಕೆ ಮುನ್ನೂರರ ಒಳಗೆ ಇರಬೇಕು. ನಿಮ್ಮ ಸಭೆಗೆ ನಾನಾಗಿದ್ದರೆ ಹೀಗೆ ಓದುತ್ತಿದ್ದೆ:

“ಎಲ್ಲರಿಗೂ ನಮಸ್ಕಾರ. ನಮ್ಮ ಸೊಸೈಟಿಯ ಕೆಲವು ಮನೆಗಳಿಗೆ ಇದು ವರ್ಷದ ದೊಡ್ಡ ರಾತ್ರಿ. ಆ ಮನೆಯವರು ನಮ್ಮನ್ನು ಕರೆದಿದ್ದಾರೆ. ಈ ರಾತ್ರಿ ಅವರು ಓದುವ ಕಥೆಯನ್ನು, ಲೂಕ ಬರೆದಿಟ್ಟ ಹಾಗೆ, ನಿಮಗೆ ಹೇಳುತ್ತೇನೆ.

ರೋಮಿನ ಚಕ್ರವರ್ತಿ ಜನಗಣತಿಗೆ ಆಜ್ಞೆ ಮಾಡಿದ. ಪ್ರತಿಯೊಬ್ಬರೂ ತಮ್ಮ ಊರಿಗೇ ಹೋಗಿ ಹೆಸರು ಬರೆಸಬೇಕು. ಒಂದು ಕಾಗದಕ್ಕಾಗಿ ರಜೆ ಹಾಕಿ ಊರಿನ ಬಸ್ಸು ಹತ್ತುವುದೆಂದರೆ ಏನೆಂದು ಪುಣೆಯಲ್ಲಿರುವ ನಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಯೋಸೇಫ ತುಂಬುಬಸುರಿ ಮರಿಯಳನ್ನು ಕರೆದುಕೊಂಡು ನಜರೇತಿನಿಂದ ಬೆತ್ಲೆಹೇಮಿಗೆ ಬಂದ. ಅಲ್ಲಿದ್ದಾಗಲೇ ದಿನ ತುಂಬಿತು. ಇಳಿದುಕೊಳ್ಳಲು ಜಾಗವಿರಲಿಲ್ಲ. ಹುಟ್ಟಿದ ಕೂಸನ್ನು ಬಟ್ಟೆಯಲ್ಲಿ ಸುತ್ತಿ, ಮೇವು ಹಾಕುವ ಗೋದಲಿಯಲ್ಲಿ ಮಲಗಿಸಿದಳು.

ಊರ ಹೊರಗೆ ಬಯಲಲ್ಲಿ ಕೆಲವರು ರಾತ್ರಿಯೆಲ್ಲ ಎಚ್ಚರವಿದ್ದು ಕುರಿ ಕಾಯುತ್ತಿದ್ದರು. ನಮ್ಮ ಧನಗರರು ಮಳೆಗಾಲ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಕೊಂಕಣಕ್ಕೆ ಇಳಿಯುವಾಗ ಹೊಲಗಳಲ್ಲಿ ತಂಗುತ್ತಾರಲ್ಲ, ಹಾಗೆ. ದೇವದೂತ ಬಂದದ್ದು ಇವರ ಹತ್ತಿರ. ‘ಹೆದರಬೇಡಿ, ನಿಮಗೋಸ್ಕರ ಒಬ್ಬ ರಕ್ಷಕ ಹುಟ್ಟಿದ್ದಾನೆ’ ಎಂದ. ಗುರುತೇನು? ಬಟ್ಟೆ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಒಂದು ಕೂಸು. ಇಷ್ಟೇ ಗುರುತು.

ಅವರು ಓಡಿಹೋಗಿ ನೋಡಿದರು. ಕಂಡದ್ದನ್ನೆಲ್ಲ ಹೇಳಿದರು. ಕೇಳಿದವರು ಬೆರಗಾದರು. ಮರಿಯ ಏನೂ ಹೇಳಲಿಲ್ಲ, ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡಳು. ಕುರಿ ಕಾಯುವವರು ದೇವರನ್ನು ಕೊಂಡಾಡುತ್ತ ತಮ್ಮ ಕೆಲಸಕ್ಕೆ ವಾಪಸು ಹೋದರು. ಲೂಕನ ಕಥೆ ಇಲ್ಲಿಗೆ ನಿಲ್ಲುತ್ತದೆ.

ಹುಟ್ಟಿದವನು ಲೋಕದ ಬೆಳಕು ಎಂದು ನಮ್ಮ ಕ್ರೈಸ್ತ ನೆರೆಯವರು ನಂಬುತ್ತಾರೆ. ಇವತ್ತು ಅವರು ಕುರಿ ಕಾಯುವವರ ಹಾಗೆ ಕೊಂಡಾಡುತ್ತಾರೆ. ನಮ್ಮಲ್ಲಿ ಕೆಲವರು ಸುಮ್ಮನೆ ಕೇಳಿ ಬೆರಗಾಗುತ್ತೇವೆ. ಕೆಲವರು ಏನೂ ಹೇಳದೆ ಯೋಚಿಸುತ್ತೇವೆ. ಮೂವರಿಗೂ ಆ ರಾತ್ರಿ ಅಲ್ಲಿ ಜಾಗವಿತ್ತು.

ಈ ಹೊತ್ತಿನಲ್ಲೂ ಎಚ್ಚರವಿರುವವರಿದ್ದಾರೆ. ನಮ್ಮ ಗೇಟಿನಲ್ಲಿ ಕೂತ ವಾಚ್‌ಮನ್, ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿಯ ನರ್ಸು, ಚಾಕಣದ ಕಾರ್ಖಾನೆಗಳಲ್ಲಿ ಮೂರನೇ ಪಾಳಿಗೆ ಹೋದ ನಮ್ಮ ಹುಡುಗರು. ಈಗ ಬತ್ತಿ ಹಚ್ಚಿಕೊಳ್ಳುವಾಗ ಅಂಥ ಒಬ್ಬರನ್ನು ನೆನೆಯೋಣ. ಪ್ರಾರ್ಥಿಸುವವರು ಅವರಿಗಾಗಿ ಪ್ರಾರ್ಥಿಸಿ. ಉಳಿದವರು ಅವರನ್ನು ನೆನೆದರೆ ಸಾಕು. ಒಂದು ನಿಮಿಷ ಮೌನವಾಗಿರೋಣ.”

ಇಷ್ಟೇ. ಇದರಲ್ಲಿ ಎರಡು ಜಾಗ ನೀವು ತಿದ್ದಲು ಹೋಗುತ್ತೀರಿ ಎಂದು ನನ್ನ ಅನುಮಾನ. ಒಂದು, ‘ರಕ್ಷಕ’ ಎಂಬ ಮಾತು. ಮೃದು ಮಾಡಿ ‘ಮಹಾಪುರುಷ’ ಎನ್ನೋಣವೇ ಎನಿಸಬಹುದು. ಬೇಡ. ಅದು ದೇವದೂತನ ಮಾತು, ಕಥೆಯೊಳಗಿನ ಮಾತು. ನೀವು ಒಪ್ಪಿಕೊಂಡಿರೆಂದೂ ಸಭೆ ಒಪ್ಪಬೇಕೆಂದೂ ಅದರಿಂದ ಆಗುವುದಿಲ್ಲ. ಅದನ್ನು ತೆಗೆದರೆ ಮಾತ್ರ ಆ ಸಾಲಿಗಾಗಿಯೇ ವರ್ಷವಿಡೀ ಕಾದ ಅಜ್ಜಿಗೆ ಏನೋ ತಪ್ಪಿಹೋದ ಹಾಗಾಗುತ್ತದೆ. ಎರಡನೆಯದು ಕೊನೆ. ಅಲ್ಲಿ ‘ಎಲ್ಲರೂ ನನ್ನ ಜೊತೆ ಹೇಳಿ’ ಎಂದು ಯಾವ ವಾಕ್ಯವನ್ನೂ ಸೇರಿಸಬೇಡಿ. ಇರುಸುಮುರುಸು ಹುಟ್ಟುವುದು ಕೇಳುವುದರಿಂದಲ್ಲ, ಹೇಳಿಸುವುದರಿಂದ. ‘ತಲೆ ಬಾಗಿಸಿ’, ‘ಕಣ್ಣು ಮುಚ್ಚಿ’, ‘ಆಮೆನ್ ಅನ್ನಿ’ ಇವೂ ಅದೇ ಜಾತಿಗೆ ಸೇರಿದವು. ಮೌನವನ್ನು ಯಾರು ಹೇಗೆ ಬೇಕಾದರೂ ತುಂಬಿಕೊಳ್ಳಲಿ. ಗಡಿಯಾರ ನೋಡಿ ಪೂರ್ತಿ ಅರವತ್ತು ಸೆಕೆಂಡು ಬಿಡಿ. ಇಪ್ಪತ್ತನೇ ಸೆಕೆಂಡಿಗೇ ಸಾಕು ಎನಿಸುತ್ತದೆ, ಎಲ್ಲರೂ ಅಲ್ಲಿಯೇ ಎಡವುವುದು.

ಹೆಸರುಗಳ ವಿಷಯ ಒಂದು ಕಿವಿಮಾತು. ಮಂಗಳೂರಿನ ಕ್ಯಾಥೊಲಿಕರು ಮನೆಯಲ್ಲಿ ಕೊಂಕಣಿ ಆಡುವವರು, ಧಾರವಾಡದ ಪ್ರಾಟೆಸ್ಟಂಟರು ಕನ್ನಡ ಬೈಬಲ್ ಓದಿ ಬೆಳೆದವರು. ಯೋಸೇಫ, ಜೋಸೆಫ್, ಮರಿಯ, ಮೇರಿ ಎಂದು ಉಚ್ಚಾರ ಬೇರೆ ಬೇರೆ ಇರುತ್ತದೆ. ಎರಡೂ ಮನೆಯವರನ್ನು ಕೇಳಿ ಒಂದನ್ನು ಇಟ್ಟುಕೊಂಡು ಕೊನೆಯವರೆಗೂ ಅದನ್ನೇ ಹೇಳಿ.

ಇನ್ನು ಮೇಣದಬತ್ತಿ. ಪ್ರತಿಯೊಬ್ಬರ ಕೈಗೂ ಉರಿಯುವ ಬತ್ತಿ ಕೊಡುವ ಪದ್ಧತಿಗೆ ಮೊರೇವಿಯನ್ ಎಂಬ ಪ್ರಾಟೆಸ್ಟಂಟ್ ಪಂಗಡ ಹೆಸರಾಗಿದೆ. 1747ರ ಡಿಸೆಂಬರಿನಲ್ಲಿ ಜರ್ಮನಿಯ ಮರಿಯೆನ್‌ಬೋರ್ನ್ ಎಂಬಲ್ಲಿ ಅವರ ಬಿಷಪ್ ಜಾನ್ ಡಿ ವಾಟೆವಿಲ್ ಮಕ್ಕಳಿಗೆ ಕಥೆ ಹೇಳಿ, ಕೆಂಪು ಪಟ್ಟಿ ಕಟ್ಟಿದ ಒಂದೊಂದು ಬತ್ತಿ ಹಚ್ಚಿ ಕೊಟ್ಟದ್ದು ದಾಖಲಾಗಿದೆ. ಮೊದಲು ಕಥೆ, ಆಮೇಲೆ ಬತ್ತಿ ಎಂಬ ಆ ಕ್ರಮ ಈಗಲೂ ಸರಿಯಾದ ಕ್ರಮವೇ. ಮೊದಲೇ ಹಚ್ಚಿ ಕೈಗೆ ಕೊಟ್ಟರೆ ಮಕ್ಕಳು ಮೇಣದ ಜೊತೆ ಆಟಕ್ಕೆ ಇಳಿಯುತ್ತಾರೆ, ದೊಡ್ಡವರ ಕಣ್ಣು ಮಕ್ಕಳ ಮೇಲಿರುತ್ತದೆ, ನಿಮ್ಮ ಮಾತು ಗಾಳಿಗೆ ಹೋಗುತ್ತದೆ. ಮಾತಾಡುವಾಗ ನಿಮ್ಮ ಪಕ್ಕದ ಮೇಜಿನ ಮೇಲೆ ಒಂದು ದಪ್ಪ ಬತ್ತಿ ಮಾತ್ರ ಗಾಜಿನ ಲೋಟದಲ್ಲಿ ಉರಿಯಲಿ.

ಹಚ್ಚುವಾಗಿನ ನಿಯಮ ಒಂದೇ, ಆದರೆ ಅದನ್ನು ಮುಂಚೆಯೇ ತೋರಿಸಿಕೊಡಿ. ಉರಿಯುವ ಬತ್ತಿ ನೆಟ್ಟಗೇ ಇರಬೇಕು, ಹಚ್ಚಬೇಕಾದ ಬತ್ತಿಯನ್ನು ಅದರ ಕಡೆ ಬಾಗಿಸಬೇಕು. ಜನ ಸಹಜವಾಗಿ ಇದರ ತಿರುಗುಮುರುಗು ಮಾಡುತ್ತಾರೆ. ಕೊಡುವವರು ಬಾಗಿಸಿದ ಕೂಡಲೇ ಬತ್ತಿಯ ತುದಿಯಲ್ಲಿ ನಿಂತ ಕರಗಿದ ಮೇಣ ಪಕ್ಕದವರ ಕೈಮೇಲೆ ಇಳಿಯುತ್ತದೆ. ನಡುಬೆರಳಿನ ದಪ್ಪದ ಬತ್ತಿ ತಂದು, ಅಂಗೈ ಅಗಲದ ಗಟ್ಟಿ ರಟ್ಟಿನ ಬಿಲ್ಲೆಯ ನಡುವೆ ಕತ್ತರಿ ಗುರುತು ಹಾಕಿ ಬತ್ತಿಯ ಕೆಳಗಿನ ಮೂರನೇ ಒಂದು ಭಾಗಕ್ಕೆ ತೂರಿಸಿ. ತೂತು ಕೊರೆದರೆ ಬಿಲ್ಲೆ ಜಾರುತ್ತದೆ, ಗೀರಿದರೆ ಹಿಡಿದುಕೊಳ್ಳುತ್ತದೆ. ತಂದ ಬತ್ತಿಗಳಲ್ಲಿ ಒಂದನ್ನು ಹಿಂದಿನ ದಿನವೇ ಟೆರೇಸಿನಲ್ಲಿ ಹಚ್ಚಿ ನೋಡಿ. ಗಾಳಿಗೆ ಒಂದೇ ಬದಿ ಕರಗಿ ಧಾರೆ ಇಳಿದರೆ, ಅಥವಾ ಹತ್ತು ನಿಮಿಷ ನಿಲ್ಲದಿದ್ದರೆ, ಆ ಬತ್ತಿ ಈ ಕೆಲಸಕ್ಕೆ ಆಗುವುದಿಲ್ಲ.

ಬೆಳಕು ದಾಟಿಸುವುದಕ್ಕೂ ಸ್ವಲ್ಪ ಲೆಕ್ಕ ಬೇಕು. ಒಬ್ಬರಿಂದ ಒಬ್ಬರಿಗೆ ಐದು ಸೆಕೆಂಡು ಎಂದುಕೊಂಡರೂ ಅರವತ್ತು ಜನರ ಒಂದೇ ಸಾಲಿಗೆ ಐದು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಮೊದಲಿನವರಿಗೆ ಬೇಸರ, ಕೊನೆಯವರು ಇನ್ನೂ ಕತ್ತಲಲ್ಲಿ. ಜನರನ್ನು ನಾಲ್ಕು ಸಾಲಾಗಿ ನಿಲ್ಲಿಸಿ, ಪ್ರತಿ ಸಾಲಿನ ತುದಿಗೂ ಒಬ್ಬ ದೊಡ್ಡವರಿಗೆ ದಪ್ಪ ಬತ್ತಿಯಿಂದ ಹಚ್ಚಿಕೊಡಿ. ಒಂದೂಕಾಲು ನಿಮಿಷದಲ್ಲಿ ಎಲ್ಲರ ಕೈಯಲ್ಲೂ ಬೆಳಕಿರುತ್ತದೆ. ನಿಮ್ಮ ಒಂದು ನಿಮಿಷದ ಮೌನ ಶುರುವಾಗುವುದು ಕೊನೆಯ ಬತ್ತಿ ಹೊತ್ತಿದ ಮೇಲೆ. ಬತ್ತಿ ಹಿಡಿಯಲು ಮನಸ್ಸಿಲ್ಲದವರು ಇರಬಹುದು. ಅವರನ್ನು ಯಾಕೆ ಎಂದು ಕೇಳಬೇಡಿ, ಎಲ್ಲರ ಎದುರು ಒತ್ತಾಯವಂತೂ ಬೇಡವೇ ಬೇಡ. ಬತ್ತಿಯ ತಟ್ಟೆಯನ್ನು ಮೆಟ್ಟಿಲ ಹತ್ತಿರ ಇಟ್ಟುಬಿಡಿ, ಬೇಕಾದವರು ತೆಗೆದುಕೊಳ್ಳುತ್ತಾರೆ.

ಶಾಮಿಯಾನ ಹಾಕಿದ್ದರೆ ಅದರ ಬಟ್ಟೆಯ ಕೆಳಗೆ ಬೆಂಕಿ ಬೇಡ, ತೆರೆದ ಆಕಾಶದ ಕೆಳಗೇ ನಿಲ್ಲಿ. ಎರಡು ಬಕೆಟ್ ಮರಳು ಇರಲಿ, ಆರಿಸಿದ ಬತ್ತಿ ಚುಚ್ಚಲೂ ಅದೇ ಆಗುತ್ತದೆ. ಸೆರಗು, ದುಪಟ್ಟಾ, ಇಳಿಬಿಟ್ಟ ಕೂದಲು ಹಿಂದಕ್ಕೆ ಕಟ್ಟಿಕೊಳ್ಳಲು ಹೇಳಿ. ಪುಣೆಯ ಡಿಸೆಂಬರ್ ಚಳಿಗೆ ಎಲ್ಲರೂ ಶಾಲು ಹೊದ್ದು ಬಂದಿರುತ್ತಾರೆ, ಅದರ ಅಂಚು ಎಲ್ಲಿ ಜೋತುಬಿದ್ದಿದೆ ಎಂದು ಯಾರಿಗೂ ಗಮನವಿರುವುದಿಲ್ಲ. ಸಣ್ಣ ಮಕ್ಕಳ ಕೈಗೆ ಸೆಲ್ಲಿನ ಬತ್ತಿ ಕೊಡಿ. ಟೆರೇಸಿನ ದೀಪ ಆರಿಸಲು ಸ್ವಿಚ್ ಹತ್ತಿರ ಒಬ್ಬರು ಇರಲಿ, ಆದರೆ ಮೆಟ್ಟಿಲ ದೀಪ ಆರಿಸಬೇಡಿ. ನಿಮ್ಮ ಹಾಳೆಯನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಒಂದು ಪುಟ್ಟ ಟಾರ್ಚು ಜೇಬಲ್ಲಿರಲಿ. ಒಂದೇ ಬತ್ತಿಯ ಬೆಳಕಲ್ಲಿ ಕನ್ನಡದ ಒತ್ತಕ್ಷರ ಕಾಣುವುದಿಲ್ಲ.

ಹೊತ್ತು ಏಳೂಕಾಲು ಇಟ್ಟುಕೊಳ್ಳಿ. ಆ ದಿನಗಳಲ್ಲಿ ಪುಣೆಯಲ್ಲಿ ಆರು ದಾಟುತ್ತಲೇ ಸೂರ್ಯ ಮುಳುಗುವುದರಿಂದ ಅಷ್ಟು ಹೊತ್ತಿಗೆ ಪೂರ್ತಿ ಕತ್ತಲಾಗಿರುತ್ತದೆ. ಕ್ಯಾಥೊಲಿಕ್ ಮನೆಯವರಿಗೆ ರಾತ್ರಿಯ ಬಲಿಪೂಜೆಗೆ, ಅಂದರೆ ಚರ್ಚಿನ ಮಾಸ್‌ಗೆ, ಹೋಗಬೇಕು. ಹತ್ತು ಗಂಟೆಯ ಮೇಲೆ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ಬಯಲಲ್ಲಿ ಪೂಜೆ ನಡೆಸುವ ಎಷ್ಟೋ ಚರ್ಚುಗಳು ಮಧ್ಯರಾತ್ರಿಗೆ ಕಾಯದೆ ಬೇಗ ಶುರು ಮಾಡುತ್ತವೆ. ಅವರ ಚರ್ಚಿನ ಹೊತ್ತು ಕೇಳಿಕೊಂಡೇ ನಿಮ್ಮದನ್ನು ಗೊತ್ತುಮಾಡಿ.

ಮೌನ ಮುಗಿದ ಮೇಲೆ ಒಂದು ಹಾಡು ಸಾಕು, ಹಾಡುವವರು ಆ ಮನೆಯವರೇ ಆಗಲಿ. ‘ಸೈಲೆಂಟ್ ನೈಟ್’ ಆರಿಸಿದರೆ ಕೀಬೋರ್ಡು ತರಿಸುವ ಗೊಡವೆ ಬೇಡ. 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡೋರ್ಫ್ ಎಂಬ ಊರಿನಲ್ಲಿ ಅದನ್ನು ಮೊದಲ ಸಲ ಹಾಡಿದಾಗಲೂ ಜೊತೆಗಿದ್ದದ್ದು ಒಂದು ಗಿಟಾರ್. ಹಾಡು ಮುಗಿದು ದೀಪ ಹಾಕಿದ ಮೇಲೆ ನೀವು ಮತ್ತೆ ಮೈಕ್ ಹಿಡಿಯಬೇಡಿ. ತಿಂಡಿ ಹಂಚುವವರು ಯಾವ ಕೇಕಿನಲ್ಲಿ ಮೊಟ್ಟೆ ಇದೆ, ಯಾವುದರಲ್ಲಿ ರಮ್ ಬಿದ್ದಿದೆ ಎಂದು ಚೀಟಿ ಅಂಟಿಸಿಟ್ಟರೆ ಅರ್ಧ ಸಂಕೋಚ ಅಲ್ಲೇ ಕಳೆಯುತ್ತದೆ.

ಕಡೆಯದಾಗಿ, ಬರೆದದ್ದನ್ನು ಎರಡು ದಿನ ಮುಂಚೆ ಇಬ್ಬರಿಗೆ ಓದಿ ಹೇಳಿ: ಕರೆದ ಮನೆಯ ಹಿರಿಯರಲ್ಲಿ ಒಬ್ಬರಿಗೆ, ಆಮೇಲೆ ಆ ಎಂಜಿನಿಯರುಗಳಲ್ಲಿ ಒಬ್ಬರಿಗೆ. ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂದೇ ಇಬ್ಬರೂ ಹೇಳುತ್ತಾರೆ. ಹಾಗೆ ಕೇಳುವ ಬದಲು, ‘ಯಾವ ಸಾಲಿನಲ್ಲಿ ನಿಮ್ಮ ಪರವಾಗಿ ನಾನು ಮಾತಾಡಿಬಿಟ್ಟೆ ಅನ್ನಿಸಿತು?’ ಎಂದು ಕೇಳಿ. ಅವರು ತೋರಿಸಿದ ಸಾಲಿಗೆ ‘ಲೂಕ ಹೇಳುತ್ತಾನೆ’ ಎಂದೋ ‘ನಮ್ಮ ನೆರೆಯವರು ನಂಬುತ್ತಾರೆ’ ಎಂದೋ ಸೇರಿಸಿ ನೋಡಿ. ಅದಕ್ಕೂ ಸರಿಹೋಗದಿದ್ದರೆ ಆ ಸಾಲು ತೆಗೆಯಿರಿ.